ಗೋಡೆಯ ಕೋಡು, ಬಿಲ್ಲಿನ ಕೋಡು

ದರ್ಶಿನಿ ಹೋಟೆಲುಗಳ ಗಲ್ಲಾದ ಬಳಿ ಈಗ ಎರಡು ಬಗೆಯ ಕ್ಯೂಆರ್ ಕೋಡು ಕಾಣಸಿಗುತ್ತವೆ. ಒಂದು ಗೋಡೆಗೋ ಗಾಜಿಗೋ ಅಂಟಿಸಿದ ಸ್ಟಿಕರ್. ಅಂಚು ಎದ್ದು, ಎಣ್ಣೆ ಕೈ ತಾಗಿ ಮಾಸಿದ್ದರೂ ವರ್ಷಗಟ್ಟಲೆ ಅದೇ ಕೋಡು ಕೆಲಸ ಮಾಡುತ್ತದೆ. ಇನ್ನೊಂದು ಅಂಗೈಯಗಲದ ಪರದೆಯ ಮೇಲೆ ಬರುವಂಥದ್ದು. ಕ್ಯಾಶಿಯರ್ ಬಿಲ್ ಹಾಕಿದ ಕೂಡಲೇ ಮೂಡುತ್ತದೆ, ಹಣ ಸಂದಾಯವಾದ ಕೂಡಲೇ ಅಳಿಸಿಹೋಗುತ್ತದೆ. ಮುಂದಿನ ಗಿರಾಕಿಗೆ ಬೇರೆಯದೇ ಕೋಡು. ಮೊದಲನೆಯದನ್ನು ವ್ಯವಹಾರದಲ್ಲಿ ಸ್ಟ್ಯಾಟಿಕ್ ಕೋಡ್ ಎನ್ನುತ್ತಾರೆ, ಎರಡನೆಯದನ್ನು ಡೈನಾಮಿಕ್ ಕೋಡ್.

ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಇಷ್ಟೇ: ಒಂದರಲ್ಲಿ ಮೊತ್ತವನ್ನು ನಾವೇ ಒತ್ತಬೇಕು, ಇನ್ನೊಂದರಲ್ಲಿ ಅದು ತಾನಾಗಿ ಬಂದಿರುತ್ತದೆ. ಆದರೆ ನಿಜವಾದ ವ್ಯತ್ಯಾಸ ಇರುವುದು ಹಣ ಹೋದ ಮೇಲೆ. ಯಾವ ಬಿಲ್ಲಿಗೆ ಯಾವ ಹಣ ಬಂತು ಎಂಬುದನ್ನು ಅಂಗಡಿಯವರು ಹೇಗೆ ತಿಳಿಯುತ್ತಾರೆ ಎಂಬ ಪ್ರಶ್ನೆಗೆ ಈ ಎರಡು ಕೋಡುಗಳು ಕೊಡುವ ಉತ್ತರ ಪೂರಾ ಬೇರೆ.

ಕಪ್ಪು ಬಿಳುಪಿನ ಚೌಕಗಳ ಹಿಂದೆ ಗುಟ್ಟೇನೂ ಇಲ್ಲ. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ರೂಪಿಸಿದ ಈ ಚೌಕ, ಒಂದು ಸಾಲು ಬರಹವನ್ನು ಕ್ಯಾಮೆರಾ ಓದುವಂತೆ ಬರೆದಿಡುವ ವಿಧಾನ, ಅಷ್ಟೆ. ಯುಪಿಐ ಕೋಡಿನಲ್ಲಿ ಆ ಒಂದು ಸಾಲು ಯಾವ ರೂಪದಲ್ಲಿರಬೇಕು ಎಂಬುದನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ನಿಗದಿ ಮಾಡಿದೆ. ಭವನ ಎಂಬ ಹೆಸರಿನ ಒಂದು ಹೋಟೆಲನ್ನು ಕಲ್ಪಿಸಿಕೊಳ್ಳೋಣ. ಅದರ ಗೋಡೆಯ ಸ್ಟಿಕರಿನಲ್ಲಿ ಅಡಗಿರುವುದು ಹೆಚ್ಚುಕಡಿಮೆ ಇಷ್ಟು:

```
upi://pay?pa=bhavan@bank&pn=Bhavan&cu=INR
```

ಇದರಲ್ಲಿ `pa` ಎಂದರೆ ಹಣ ಪಡೆಯುವವರ ಯುಪಿಐ ವಿಳಾಸ, `pn` ಎಂದರೆ ಅವರ ಹೆಸರು, `cu` ಎಂದರೆ ಕರೆನ್ಸಿ. ಯಾರಿಗೆ ಕೊಡಬೇಕು ಎಂಬುದಷ್ಟೇ ಇಲ್ಲಿದೆ. ಎಷ್ಟು ಕೊಡಬೇಕು, ಯಾತಕ್ಕೆ ಕೊಡಬೇಕು ಎಂಬುದಿಲ್ಲ. ಅದೇ ಹೋಟೆಲಿನ ಪರದೆಯ ಮೇಲೆ ಜನವರಿ 14ರಂದು ಎಂಬತ್ತೇಳನೆಯ ಬಿಲ್ಲಿಗೆ ಮೂಡಿದ ಕೋಡಿನಲ್ಲಿ ಹೀಗಿರಬಹುದು:

```
upi://pay?pa=bhavan@bank&pn=Bhavan&mc=5812&tr=BILL14010087&am=160.00&cu=INR
```

ಇಲ್ಲಿ ಮೂರು ಸಂಗತಿಗಳು ಸೇರಿಕೊಂಡಿವೆ. `mc` ವ್ಯಾಪಾರದ ಬಗೆಯನ್ನು ಹೇಳುವ ನಾಲ್ಕಂಕಿಯ ಸಂಖ್ಯೆ, 5812 ಎಂದರೆ ಹೋಟೆಲು. `am` ಬಿಲ್ಲಿನ ಮೊತ್ತ. ಎರಡರ ನಡುವೆ ಕೂತಿರುವ `tr` ಈ ಬಿಲ್ಲಿಗೆಂದೇ ಕೊಟ್ಟ ಗುರುತಿನ ಸಂಖ್ಯೆ. ಮೊತ್ತ ತಾನಾಗಿ ಬರುವುದೇ ಡೈನಾಮಿಕ್ ಕೋಡಿನ ದೊಡ್ಡ ಉಪಕಾರ ಎಂದು ಹಲವರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ಸಣ್ಣ ಉಪಕಾರ. ಇಡೀ ವ್ಯವಸ್ಥೆ ನಿಂತಿರುವುದು ಆ `tr` ಮೇಲೆ. ಬ್ಯಾಂಕಿನಲ್ಲಿ ಹಣ ಕಟ್ಟುವ ಚಲನ್ ನೆನಪಿಸಿಕೊಳ್ಳಿ. ಗೋಡೆಯ ಕೋಡು ಖಾತೆ ಸಂಖ್ಯೆ ಮಾತ್ರ ಅಚ್ಚಾಗಿರುವ ಖಾಲಿ ಚಲನ್, ಬಿಲ್ಲಿನ ಕೋಡು ಮೊತ್ತ ಬರೆದು, ಯಾವ ಬಾಬ್ತಿಗೆ ಎಂದು ನಮೂದಿಸಿ ಕೈಗಿತ್ತ ಚಲನ್.

ಮಾಹಿತಿ ಹೆಚ್ಚಾದಷ್ಟೂ ಚೌಕದೊಳಗಿನ ಮನೆಗಳು ಹೆಚ್ಚುತ್ತವೆ. ಮೇಲಿನ ಮೊದಲ ಸಾಲಿನಲ್ಲಿ 41 ಅಕ್ಷರಗಳಿವೆ. ಅದರಲ್ಲಿ ಸುಮಾರು ಶೇ 15ರಷ್ಟು ಭಾಗ ಹಾಳಾದರೂ ಓದಲು ಬರುವ ಸಾಮಾನ್ಯ ದರ್ಜೆಯಲ್ಲಿ ಅದು 29 ಸಾಲು, 29 ಕಂಬಗಳ ಕೋಡಿನಲ್ಲಿ ಹಿಡಿಸುತ್ತದೆ. ಎರಡನೆಯದು 75 ಅಕ್ಷರ. ಅದಕ್ಕೆ 37 ಸಾಲು, 37 ಕಂಬ ಬೇಕು. ಬ್ಯಾಂಕಿನ ಡಿಜಿಟಲ್ ಸಹಿಯೂ ಸೇರಿದರೆ ಇನ್ನೂ ದಟ್ಟವಾಗುತ್ತದೆ. ಗೋಡೆಯ ಕೋಡನ್ನು ಮೂರಡಿ ದೂರದಿಂದ ಸ್ಕ್ಯಾನ್ ಮಾಡಬಹುದಾದರೂ, ಬಿಲ್ಲಿನ ಮೂಲೆಯಲ್ಲಿ ಮಸುಕಾಗಿ ಅಚ್ಚಾದ ಡೈನಾಮಿಕ್ ಕೋಡಿಗೆ ಫೋನನ್ನು ಹಿಂದೆ ಮುಂದೆ ಆಡಿಸಬೇಕಾಗುವುದು ಇದರಿಂದಲೇ.

ಈಗ ಮಧ್ಯಾಹ್ನದ ರಶ್ಶಿನಲ್ಲಿ ಗೋಡೆಯ ಕೋಡು ಏನು ಮಾಡುತ್ತದೆ ನೋಡೋಣ. ಗಲ್ಲಾದ ಮುಂದೆ ಆರೇಳು ಜನ. ಒಬ್ಬರು ಎರಡು ಪ್ಲೇಟ್ ಇಡ್ಲಿ ವಡೆ, ಎರಡು ಕಾಫಿ ಹೇಳಿದ್ದಾರೆ, ಒಟ್ಟು 160 ರೂಪಾಯಿ. ಅವರ ಹಿಂದಿನವರದ್ದೂ ಅದೇ. ಇಬ್ಬರೂ ಒಂದೇ ಸ್ಟಿಕರ್ ಸ್ಕ್ಯಾನ್ ಮಾಡಿ 160 ಒತ್ತುತ್ತಾರೆ. ಸೌಂಡ್ ಬಾಕ್ಸ್ ಒಮ್ಮೆ 160 ರೂಪಾಯಿ ಬಂತೆಂದು ಕೂಗುತ್ತದೆ. ಬಂದದ್ದು ಯಾರದ್ದು? ಸೌಂಡ್ ಬಾಕ್ಸ್ ಮೊತ್ತ ಹೇಳುತ್ತದೆ, ಕೊಟ್ಟವರನ್ನು ಹೇಳುವುದಿಲ್ಲ. ಹೋಟೆಲಿನವರ ಆ್ಯಪಿನಲ್ಲಿ ಹೊತ್ತು, ಮೊತ್ತ, ಕೊಟ್ಟವರ ಹೆಸರು ಅಥವಾ ಯುಪಿಐ ವಿಳಾಸ, ಜೊತೆಗೆ 12 ಅಂಕಿಗಳ ವ್ಯವಹಾರ ಸಂಖ್ಯೆ ಇರುತ್ತದೆ. ಬಿಲ್ ನಂಬರ್ ಮಾತ್ರ ಇರುವುದಿಲ್ಲ, ಏಕೆಂದರೆ ಅದು ಕೋಡಿನಲ್ಲಿ ಇರಲೇ ಇಲ್ಲ. ಹಾಗಾಗಿ ಕ್ಯಾಶಿಯರ್ ಗಿರಾಕಿಯ ಫೋನಿನ ಹಸಿರು ಟಿಕ್ ನೋಡಿ ಟೋಕನ್ ಕೊಡುತ್ತಾರೆ. ವಂಚಕರಿಗೆ ಬೇಕಾದದ್ದು ಈ ಅಭ್ಯಾಸವೇ. ಹಣ ಕೊಟ್ಟಂತೆ ಪರದೆ ತೋರಿಸುವ ನಕಲಿ ಆ್ಯಪುಗಳೂ, ನಿನ್ನೆಯ ಸ್ಕ್ರೀನ್‌ಶಾಟುಗಳೂ ನಡೆಯುವುದು ಗಿರಾಕಿಯ ಫೋನೇ ಸಾಕ್ಷಿ ಎಂದು ನಂಬುವ ಅಂಗಡಿಗಳಲ್ಲಿ.

ಸಂಜೆ ಲೆಕ್ಕ ಹಾಕುವಾಗ ಇನ್ನೊಂದು ತೊಡಕು. ಬಿಲ್ಲುಗಳ ಒಟ್ಟು ಮೊತ್ತ ಒಂದು, ಖಾತೆಗೆ ಬಂದದ್ದು ಇನ್ನೊಂದು. ಯಾರೋ 160ರ ಬದಲು 16 ಒತ್ತಿರಬಹುದು, ಯಾರೋ 1,600 ಒತ್ತಿ ಹೋಗಿರಬಹುದು, ಇನ್ನಾರೋ ಕೊಡದೆಯೇ ಹೋಗಿರಬಹುದು. ಯಾವ ಬಿಲ್ಲಿನಲ್ಲಿ ತಪ್ಪಾಯಿತು ಎಂದು ಹುಡುಕಲು ಹೊತ್ತು ಮತ್ತು ಮೊತ್ತ ಹೊಂದಿಸಿ ನೋಡುವುದೊಂದೇ ದಾರಿ. ಒಂದೇ ಬೆಲೆಯ ತಿಂಡಿಯನ್ನು ನೂರಾರು ಜನರಿಗೆ ಮಾರುವ ಹೋಟೆಲಿನಲ್ಲಿ ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ.

ಅದೇ 160 ರೂಪಾಯಿಯ ಬಿಲ್ಲು ಡೈನಾಮಿಕ್ ಕೋಡಿನಲ್ಲಿ ನಡೆಯುವ ಬಗೆ ಬೇರೆ. ಕ್ಯಾಶಿಯರ್ ಬಿಲ್ ಹಾಕಿದೊಡನೆ ಬಿಲ್ಲಿಂಗ್ ಸಾಫ್ಟ್‌ವೇರ್ ಇಂಟರ್‌ನೆಟ್ ಮೂಲಕ ಬ್ಯಾಂಕನ್ನೋ, ಪಾವತಿ ಸೇವೆ ಕೊಡುವ ಕಂಪನಿಯನ್ನೋ ಸಂಪರ್ಕಿಸುತ್ತದೆ. BILL14010087 ಎಂಬ ಬಿಲ್ಲಿಗೆ 160 ರೂಪಾಯಿ ಬರಬೇಕಿದೆ ಎಂದು ಅಲ್ಲಿ ಮೊದಲೇ ದಾಖಲಾಗುತ್ತದೆ. ಆಮೇಲಷ್ಟೇ ಕೋಡು ಪರದೆಗೆ ಬರುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳ ಆಯಸ್ಸನ್ನೂ ಅದಕ್ಕೆ ನಿಗದಿ ಮಾಡಿರುತ್ತಾರೆ. ಗಿರಾಕಿ ಸ್ಕ್ಯಾನ್ ಮಾಡಿದಾಗ ಮೊತ್ತ ಕಾಣುತ್ತದೆ, ಅದನ್ನು ತಿದ್ದಲು ಬರುವುದಿಲ್ಲ. ಪಿನ್ ಒತ್ತಿದ ಮೇಲೆ ಗಿರಾಕಿಯ ಬ್ಯಾಂಕು ಹಣ ಕಡಿತ ಮಾಡುತ್ತದೆ, ಎನ್‌ಪಿಸಿಐ ಮೂಲಕ ಹೋಟೆಲಿನ ಬ್ಯಾಂಕಿಗೆ ಅದು ಜಮೆಯಾಗುತ್ತದೆ. ಇಷ್ಟರವರೆಗೆ ಹಣ ಸಾಗುವ ದಾರಿ ಗೋಡೆಯ ಕೋಡಿನದ್ದೇ. ಹೊಸತು ಇದರ ಮುಂದಿನ ಹೆಜ್ಜೆ: ಹಣದ ಜೊತೆಗೇ ಬಂದ ಬಿಲ್ ಗುರುತನ್ನು ನೋಡಿ, ಎಂಬತ್ತೇಳನೆಯ ಬಿಲ್ಲಿನ ಹಣ ಬಂತು ಎಂಬ ಸುದ್ದಿಯನ್ನು ಪಾವತಿ ಕಂಪನಿಯ ಯಂತ್ರ ನೇರವಾಗಿ ಹೋಟೆಲಿನ ಕಂಪ್ಯೂಟರಿಗೆ ತಲುಪಿಸುತ್ತದೆ. ಈ ಮರುಸುದ್ದಿಗೆ ಆ ಕೆಲಸದವರು ಕಾಲ್‌ಬ್ಯಾಕ್ ಎನ್ನುತ್ತಾರೆ. ಬಿಲ್ ಪೇಯ್ಡ್ ಆಗುತ್ತದೆ, ಪರದೆ ಬದಲಾಗುತ್ತದೆ, ಟೋಕನ್ ಬರುತ್ತದೆ. ಗಿರಾಕಿಯ ಫೋನನ್ನು ಯಾರೂ ಇಣುಕಿ ನೋಡಬೇಕಿಲ್ಲ. ಹಿಂದಿನವರ ಬಿಲ್ಲೂ 160 ರೂಪಾಯಿಯದ್ದೇ ಆಗಿದ್ದರೂ ಗೊಂದಲವಿಲ್ಲ, ಅದು ಎಂಬತ್ತೆಂಟನೆಯದು.

ಡೈನಾಮಿಕ್ ಎಂದು ಹೇಳಿ ಮಾರುವ ಎಲ್ಲ ವ್ಯವಸ್ಥೆಗಳಲ್ಲೂ ಈ ಕೊನೆಯ ಹೆಜ್ಜೆ ಇರುವುದಿಲ್ಲ. ವ್ಯಾಪಾರಿಗಳು ಮೋಸಹೋಗುವುದು ಇಲ್ಲೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೇಲೆ ಕೊಟ್ಟ ಎರಡನೆಯ ಸಾಲನ್ನು ಮತ್ತೊಮ್ಮೆ ನೋಡಿ. ಅದನ್ನು ಬರೆಯಲು ಬ್ಯಾಂಕಿನ ಅನುಮತಿ ಬೇಕಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ. ಯುಪಿಐ ವಿಳಾಸದ ಮುಂದೆ ಮೊತ್ತವನ್ನೂ ಬಿಲ್ ನಂಬರನ್ನೂ ಜೋಡಿಸಿ ಯಾವ ಕಂಪ್ಯೂಟರ್ ಬೇಕಾದರೂ ಕೋಡು ಬಿಡಿಸಬಲ್ಲದು. ಅಗ್ಗದ ಬಿಲ್ಲಿಂಗ್ ಸಾಫ್ಟ್‌ವೇರುಗಳು ಬಿಲ್ಲಿನ ಕೆಳಗೆ ಅಚ್ಚುಹಾಕುವ ಕೋಡು ಎಷ್ಟೋ ಸಲ ಇಂಥದ್ದೇ. ಅದು ಪ್ರತಿ ಬಿಲ್ಲಿಗೂ ಹೊಸದು, ಮೊತ್ತವೂ ಸರಿಯಾಗಿರುತ್ತದೆ. ಆದರೆ ಹಣ ಬಂತೋ ಇಲ್ಲವೋ ಎಂಬುದು ಅದನ್ನು ಬಿಡಿಸಿದ ಕಂಪ್ಯೂಟರಿಗೆ ಎಂದೂ ತಿಳಿಯುವುದಿಲ್ಲ. ಇಂಥ ಬಿಲ್ಲು ಹರಳು ಎಂಬತ್ತೇಳು ಎಂದು ಬಾಕಿ ಇರುವುದನ್ನು ಬ್ಯಾಂಕಿಗೆ ಯಾರೂ ತಿಳಿಸಿಲ್ಲವಾದ್ದರಿಂದ ಕೋಡಿಗೆ ಆಯಸ್ಸೂ ಇಲ್ಲ. ನಿನ್ನೆಯ ಬಿಲ್ಲಿನ ಚೀಟಿಯನ್ನು ಇಂದು ಸ್ಕ್ಯಾನ್ ಮಾಡಿದರೂ ಹಣ ಹೋದೀತು. ಇದು ಮೊತ್ತ ತುಂಬಿದ ಗೋಡೆ ಕೋಡು, ಅಷ್ಟೆ. ನಾನಿದನ್ನು ಅರೆ ಡೈನಾಮಿಕ್ ಎನ್ನುತ್ತೇನೆ.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ. ಹಣ ಕೊಟ್ಟ ಮೇಲೆ ಯಾರೂ ಏನನ್ನೂ ಒತ್ತದೆ ಅಂಗಡಿಯ ಪರದೆ ತಾನಾಗಿ ಬದಲಾದರೆ ಅದು ಪೂರ್ಣ ಡೈನಾಮಿಕ್. ಕ್ಯಾಶಿಯರ್ ಕತ್ತು ಚಾಚಿ ಗಿರಾಕಿಯ ಫೋನ್ ನೋಡಿ, ಆಮೇಲೆ ತಾವೇ ಪೇಯ್ಡ್ ಎಂದು ಒತ್ತಿದರೆ ಅದು ಅರೆ ಡೈನಾಮಿಕ್. ನಕಲಿ ಸ್ಕ್ರೀನ್‌ಶಾಟಿನ ಅಪಾಯ ಅಲ್ಲಿ ಎಳ್ಳಷ್ಟೂ ಕಡಿಮೆಯಾಗಿರುವುದಿಲ್ಲ.

ಗೋಡೆಯ ಕೋಡಿಗೆ ಇನ್ನೊಂದು ಅಪಾಯವಿದೆ: ಅದು ಬಯಲಲ್ಲಿ ಇರುತ್ತದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ ಮತ್ತು ಒಂದು ಪೆಟ್ರೋಲ್ ಬಂಕಿನ ಕೋಡುಗಳನ್ನು ಬದಲಿಸಿದ ಪ್ರಕರಣ ಸುದ್ದಿಯಾಗಿತ್ತು. ಅಂಗಡಿಯವರ ಸ್ಟಿಕರಿನ ಮೇಲೆ ವಂಚಕರು ತಮ್ಮದನ್ನು ಅಂಟಿಸಿ ಹೋಗಿದ್ದರು. ಗಿರಾಕಿಗಳು ಕೊಟ್ಟ ಹಣ ಬೇರೆ ಖಾತೆಗೆ ಹೋಗುತ್ತಿತ್ತು, ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬರುತ್ತಿದೆ ಎಂಬುದರಿಂದ ವಿಷಯ ಹೊರಬಿತ್ತು. ಇಂಥದ್ದನ್ನು ಕಂಡುಹಿಡಿಯುವುದರಲ್ಲಿ ಸೌಂಡ್ ಬಾಕ್ಸ್ ನೆರವಾಗುತ್ತದೆ. ಅದು ಅಂಗಡಿಯ ಅಸಲಿ ಖಾತೆಗೆ ಮಾತ್ರ ಜೋಡಿಸಿದ್ದು, ಬೇರೆ ಖಾತೆಗೆ ಹೋದ ಹಣವನ್ನು ಅದು ಕೂಗುವುದಿಲ್ಲ. ಗಿರಾಕಿಯ ಫೋನಿನಲ್ಲಿ ಹಸಿರು ಟಿಕ್ ಬಂದು, ಸೌಂಡ್ ಬಾಕ್ಸ್ ಮೂರ್ನಾಲ್ಕು ಸಲ ಸತತವಾಗಿ ಸುಮ್ಮನಿದ್ದರೆ ನೆಟ್‌ವರ್ಕನ್ನು ಬೈಯುವ ಮುನ್ನ ಸ್ಟಿಕರಿನ ಅಂಚನ್ನು ಎಬ್ಬಿಸಿ ನೋಡಬೇಕು.

ಹೆಸರು ನೋಡಿ ಪರೀಕ್ಷಿಸಿ ಎಂಬ ಸಲಹೆಗೂ ಒಂದು ಮಿತಿ ಇದೆ. 2025ರ ಜೂನ್ ಅಂತ್ಯದೊಳಗೆ ಜಾರಿಗೆ ತರಬೇಕೆಂದು ಎನ್‌ಪಿಸಿಐ ಹೊರಡಿಸಿದ ನಿಯಮದಂತೆ, ವ್ಯಕ್ತಿಗಳಿಗೂ ಸಣ್ಣ ವ್ಯಾಪಾರಿಗಳಿಗೂ ಹಣ ಕಳಿಸುವಾಗ ಆ್ಯಪುಗಳು ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು. ಕೋಡಿನಲ್ಲಿ `pn` ಎಂದು ಬರೆದ ಹೆಸರನ್ನಲ್ಲ. ಇದು ಒಳ್ಳೆಯ ನಿಯಮ, ಏಕೆಂದರೆ ಕೋಡಿನಲ್ಲಿ ಯಾರು ಬೇಕಾದರೂ ಯಾವ ಹೆಸರನ್ನಾದರೂ ಬರೆಯಬಹುದು. ಆದರೆ ಬೋರ್ಡಿನ ಮೇಲೆ ದೇವರ ಹೆಸರಿನ ಕಾಂಡಿಮೆಂಟ್ಸ್, ಫೋನಿನಲ್ಲಿ ಮಾಲೀಕರ ಹೆಂಡತಿಯ ಹೆಸರು ಬಂದರೆ ಗಿರಾಕಿ ಏನೆಂದುಕೊಳ್ಳಬೇಕು? ಖಾತೆಯಲ್ಲಿರುವ ಹೆಸರನ್ನು ಕೋಡಿನ ಪಕ್ಕ ದೊಡ್ಡದಾಗಿ ಬರೆದಿಟ್ಟರೆ ಈ ಅನುಮಾನ ಉಳಿಯುವುದಿಲ್ಲ. ಬಿಲ್ಲಿಗೊಂದರಂತೆ ಬದಲಾಗುವ ಪರದೆಯ ಮೇಲೆ ಸ್ಟಿಕರ್ ಅಂಟಿಸಿ ಯಾರೂ ದಕ್ಕಿಸಿಕೊಳ್ಳಲಾರರು, ಈ ಮಟ್ಟಿಗೆ ಡೈನಾಮಿಕ್ ಕೋಡು ಸುರಕ್ಷಿತ.

ಹಾಗೆಂದು ಅದರಲ್ಲಿ ಎಡವಟ್ಟು ಆಗುವುದೇ ಇಲ್ಲ ಎಂದಲ್ಲ. ಅದರ ದೌರ್ಬಲ್ಯ ಇಂಟರ್‌ನೆಟ್. ಗೋಡೆಯ ಕೋಡಿಗೆ ಗಿರಾಕಿಯ ಫೋನಿನಲ್ಲಿ ನೆಟ್ ಇದ್ದರೆ ಸಾಕು. ಡೈನಾಮಿಕ್ ಕೋಡಿಗೆ ಅಂಗಡಿಯಲ್ಲೂ ಬೇಕು, ಅದೂ ಎರಡು ಸಲ: ಕೋಡು ತರಿಸಲು ಒಮ್ಮೆ, ಹಣ ಬಂದ ಸುದ್ದಿ ಪಡೆಯಲು ಇನ್ನೊಮ್ಮೆ. ಎರಡರ ನಡುವೆ ನೆಟ್ ಹೋದರೆ ಫಜೀತಿ. ಎಂಬತ್ತೇಳನೆಯ ಬಿಲ್ಲಿನ 160 ರೂಪಾಯಿ ಗಿರಾಕಿಯ ಖಾತೆಯಿಂದ ಕಡಿತವಾಗಿದೆ, ಹೋಟೆಲಿನ ಪರದೆಯ ಮೇಲೆ ಬಿಲ್ ಇನ್ನೂ ಬಾಕಿ. ಹಿಂದೆ ಜನ ಕಾಯುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ ಎಂದು ಕ್ಯಾಶಿಯರ್ ಹೇಳುವುದುಂಟು. ಅದು ತಪ್ಪು ಸಲಹೆ. ಪೂರ್ಣ ಡೈನಾಮಿಕ್ ವ್ಯವಸ್ಥೆಯಲ್ಲಿ ಬಿಲ್ ನಂಬರ್ ಕೊಟ್ಟು ಸ್ಥಿತಿ ವಿಚಾರಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹಣ ಬಂದಿದೆ, ವಿಫಲವಾಗಿದೆ ಅಥವಾ ಇನ್ನೂ ಬಾಕಿ ಇದೆ ಎಂಬ ಮೂರರಲ್ಲಿ ಒಂದು ಉತ್ತರ ಸಿಗುತ್ತದೆ. ಮೊದಲ ಉತ್ತರ ಬಂದರೆ ಗಿರಾಕಿಯನ್ನು ಕಳುಹಿಸಬಹುದು, ಎರಡನೆಯದಾದರೆ ಹೊಸ ಕೋಡು ತೆಗೆಯಬಹುದು. ಬಾಕಿ ಎಂದು ಬಂದರೆ ಮಾತ್ರ ಕಷ್ಟ. ಗಿರಾಕಿ ನಗದು ಕೊಟ್ಟು ಹೋಗಿ, ಹಳೆಯ ಪಾವತಿ ಆಮೇಲೆ ಬಂದು ಸೇರಿದರೂ ಅದು ಎಂಬತ್ತೇಳನೆಯ ಬಿಲ್ಲಿನ ಮುಂದೆಯೇ ಬಂದು ಕೂರುತ್ತದೆ, ವಾಪಸು ಮಾಡಲು ಹುಡುಕಾಟವಿಲ್ಲ. ಗೋಡೆಯ ಕೋಡಿನಲ್ಲಾದರೆ ಅದು ದಿನದ ರಾಶಿಯಲ್ಲಿ ಕಳೆದುಹೋಗುತ್ತಿತ್ತು.

ಹಣ ಕಡಿತವಾಗಿ ಅಂಗಡಿಗೆ ಖಾತ್ರಿ ಬರದೆ ಉಳಿದ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲೇ ಗಡುವು ಹಾಕಿದೆ. ವ್ಯವಹಾರ ನಡೆದ ದಿನದ ನಂತರ ಐದು ದಿನದೊಳಗೆ ಹಣ ತಾನಾಗಿ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ ಸಲ್ಲಬೇಕು. ಈ ನಿಯಮ ಎರಡು ಬಗೆಯ ಕೋಡಿಗೂ ಒಂದೇ. ಫೋನಿನಲ್ಲಿರುವ 12 ಅಂಕಿಗಳ ಸಂಖ್ಯೆಯನ್ನು ಅಳಿಸದೆ ಇಟ್ಟುಕೊಳ್ಳಿ, ದೂರು ಕೊಡಲು ಅದೇ ಆಧಾರ.

ಡೈನಾಮಿಕ್ ಕೋಡಿನಲ್ಲಿ ಗಿರಾಕಿಯೂ ಒಂದನ್ನು ಗಮನಿಸಬೇಕು. ಪರದೆಯಲ್ಲಿ ಹಿಂದಿನವರ ಕೋಡೇ ಇನ್ನೂ ಉಳಿದಿದ್ದರೆ ನೀವು ಅವರ ಬಿಲ್ಲಿಗೆ ಹಣ ಕೊಟ್ಟಂತಾಗುತ್ತದೆ. ಮೊತ್ತ ತಾನಾಗಿ ಬರುವುದರಿಂದ ಜನ ಅದನ್ನು ಓದದೆಯೇ ಪಿನ್ ಒತ್ತುತ್ತಾರೆ. ಕೈಯಾರೆ ಒತ್ತುವಾಗ ಇದ್ದ ಎಚ್ಚರ ಇಲ್ಲೂ ಬೇಕು.

ಇಷ್ಟೆಲ್ಲ ಇದ್ದರೂ ಡೈನಾಮಿಕ್ ಕೋಡು ಎಲ್ಲರಿಗೂ ಬೇಕೇ? ಸೊಪ್ಪಿನ ಗಾಡಿಯವರಿಗೆ, ಹೂ ಮಾರುವವರಿಗೆ, ಎಳನೀರಿನವರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಬಿಲ್ಲೇ ಇಲ್ಲ, ಒಂದು ಹೊತ್ತಿಗೆ ಒಬ್ಬರೇ ಗಿರಾಕಿ, ಸೌಂಡ್ ಬಾಕ್ಸಿನ ಒಂದು ಕೂಗು ಸಾಕು. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ಬರುವ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಇಲ್ಲ, ಸ್ಟಿಕರಿಗೆ ಖರ್ಚೂ ಇಲ್ಲ. ಪರದೆಯ ಯಂತ್ರಕ್ಕೆ ಬಾಡಿಗೆ, ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿ ಅವರಿಗೆ ಸಿಗುವ ಲಾಭ ಕಡಿಮೆ.

ಲೆಕ್ಕ ಒಪ್ಪಿಸಬೇಕಾದವರ ಮಾತು ಬೇರೆ. ಹಣ ಪಡೆಯುವ ಕೈ ಒಂದು, ಹಣ ಸೇರುವ ಖಾತೆ ಇನ್ನೊಂದು ಆಗಿರುವಲ್ಲೆಲ್ಲ ಡೈನಾಮಿಕ್ ಕೋಡು ಬೇಕೇಬೇಕು ಎನ್ನುವೆ. ಬಸ್ಸಿನ ಕಂಡಕ್ಟರನ್ನೇ ನೋಡಿ. ಪ್ರತಿ ಟಿಕೆಟ್ಟಿಗೂ ಬೇರೆ ದರ, ತುಂಬಿದ ಬಸ್ಸಿನಲ್ಲಿ ಯಾರ ಫೋನಿನಲ್ಲಿ ಏನು ಬಂತೆಂದು ನೋಡಲಾಗದು, ರಾತ್ರಿ ಡಿಪೋದಲ್ಲಿ ಟಿಕೆಟ್ಟಿಗೂ ಹಣಕ್ಕೂ ತಾಳೆಯಾಗಬೇಕು. ಕೆಎಸ್‌ಆರ್‌ಟಿಸಿ ತನ್ನ ಟಿಕೆಟ್ ಯಂತ್ರದ ಪರದೆಯಲ್ಲೇ ಕೋಡು ತೋರಿಸುವ ವ್ಯವಸ್ಥೆ ತಂದಿರುವುದಕ್ಕೆ ಕಾರಣ ಇದೇ. ರೈಲ್ವೆ ಟಿಕೆಟ್ ಕೌಂಟರುಗಳಲ್ಲೂ ಗಾಜಿನಾಚೆಯ ಪರದೆಯಲ್ಲಿ ದರ ತುಂಬಿದ ಕೋಡು ಬರುತ್ತದೆ. ದೊಡ್ಡ ಮಳಿಗೆಗಳಿಗಂತೂ ಇದು ಕಾನೂನಿನ ಮಾತು: ವಾರ್ಷಿಕ ವಹಿವಾಟು 500 ಕೋಟಿ ದಾಟಿದವರು ಸಾಮಾನ್ಯ ಗಿರಾಕಿಗಳಿಗೆ ಕೊಡುವ ಬಿಲ್ಲಿನಲ್ಲಿ ಡೈನಾಮಿಕ್ ಕೋಡು ಇರಬೇಕೆಂದು ಜಿಎಸ್‌ಟಿ ನಿಯಮ 2020ರ ಡಿಸೆಂಬರಿನಿಂದ ಹೇಳುತ್ತಿದೆ.

ಜಿಎಸ್‌ಟಿ ಎಂದಾಗ 2025ರ ಜುಲೈ ನೆನಪಾಗುತ್ತದೆ. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಯುಪಿಐ ಇಲ್ಲ ಎಂಬ ಚೀಟಿ ಅಂಟಿಸಿದ್ದರು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲಿನ ಹಣವೂ, ಮನೆಯವರು ಕಳಿಸಿದ ಸಾಲದ ಹಣವೂ ಅದೇ ಮೊತ್ತದಲ್ಲಿ ಸೇರಿದೆ ಎಂಬುದು ವ್ಯಾಪಾರಿಗಳ ಅಳಲಾಗಿತ್ತು. ಅದನ್ನು ಸಾಬೀತು ಮಾಡುವುದೇಕೆ ಕಷ್ಟವಾಯಿತು ಎಂಬುದು ಈಗ ಓದುಗರಿಗೆ ಹೊಳೆದಿರಬಹುದು. ಗೋಡೆಯ ಕೋಡಿಗೆ ಬಂದ ಹಣದ ಬೆನ್ನಿಗೆ ಬಿಲ್ ನಂಬರ್ ಇರುವುದಿಲ್ಲ. ಹಾಲಿನ ಐವತ್ತೂ, ಸಿಗರೇಟಿನ ಐವತ್ತೂ, ತಮ್ಮ ವಾಪಸು ಕೊಟ್ಟ ಐವತ್ತೂ ಬ್ಯಾಂಕಿನ ಪಟ್ಟಿಯಲ್ಲಿ ಒಂದೇ ಬಗೆ. ಡೈನಾಮಿಕ್ ಕೋಡಿನಲ್ಲಿ ಯಾವ ಮಾಲು ಎಂದು ಬರೆದಿರುವುದಿಲ್ಲ ನಿಜ. ಆದರೆ ಬಿಲ್ ನಂಬರ್ ಇರುತ್ತದೆ, ಬಿಲ್ ತೆಗೆದರೆ ಮಾಲು ಸಿಗುತ್ತದೆ. ಗೋಡೆಯ ಕೋಡನ್ನೇ ಮುಂದುವರಿಸುವ ವ್ಯಾಪಾರಿಗಳು ಕನಿಷ್ಠ ಅಂಗಡಿಗೊಂದು ಖಾತೆ, ಮನೆಗೊಂದು ಖಾತೆ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಬಿಲ್ಲಿಂಗ್ ಯಂತ್ರ ಕೊಳ್ಳಲು ಹೊರಟಿರುವ ಅಂಗಡಿಯವರಲ್ಲಿ ಒಂದು ಮನವಿ. ಮಾರಲು ಬಂದವರು ಡೈನಾಮಿಕ್ ಕ್ಯೂಆರ್ ಇದೆ ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಅವರ ಎದುರಿಗೇ ಒಂದು ರೂಪಾಯಿಯ ಬಿಲ್ ಹಾಕಿಸಿ, ನಿಮ್ಮದೇ ಫೋನಿನಿಂದ ಹಣ ಕೊಟ್ಟು, ಯಂತ್ರವನ್ನು ಮುಟ್ಟದೆ ನೋಡಿ. ಬಿಲ್ ತಾನಾಗಿ ಪೇಯ್ಡ್ ಆದರೆ ಮಾತ್ರ ಆ ಹೆಸರಿನ ಬೆಲೆ ಕೊಡಿ.